ಅಮ್ಮಯಮ್ಮನವರ ಕೂದಲಿಗೆ ನೀಲಿ ಪರದೆ

ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಇಪ್ಪತ್ತೆಂಟು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನಾನು, ಅನೀಸ್ ಅಹಮದ್, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರನ್ನು ಒಂದು ಕಡೆಯಿಂದ ಕತ್ತರಿಸಿ ಇನ್ನೊಂದು ಕಡೆ ಅಂಟಿಸುವ ಕೆಲಸದಲ್ಲಿ ನನ್ನಷ್ಟು ಪಳಗಿದವರು ಈ ತಾಲ್ಲೂಕಿನಲ್ಲಿ ಇಲ್ಲ. ಘಾಟಿ ಸುಬ್ರಹ್ಮಣ್ಯದಿಂದ ಆಚೆ ಕಾಲಿಡದ ಮದುಮಕ್ಕಳನ್ನು ನಾನು ಸ್ವಿಟ್ಜರ್ಲೆಂಡಿನ ಹಿಮದಲ್ಲಿ ನಡೆಸಿದ್ದೇನೆ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ನನಗೆ ಉಳಿದಿರುವುದು ಪಾಸ್‌ಪೋರ್ಟ್ ಫೋಟೋ ಮತ್ತು ಸಿಟ್ಟು.

ಆ ಮಂಗಳವಾರ ಪ್ರಮೋದಾ ಬಂದಾಗಲೂ ನಾನು ಸಿಟ್ಟಿನಲ್ಲೇ ಇದ್ದೆ. ಘಾಟಿ ದಾರಿಯ ಹಳ್ಳಿಯವಳು, ನಲವತ್ತರ ಆಸುಪಾಸು. ಅವಳ ಮದುವೆಯ ಫೋಟೋ ತೆಗೆದವನೂ ನಾನೇ. ಕಂಕುಳಲ್ಲಿ ಯಾರದೋ ಲ್ಯಾಪ್‌ಟಾಪ್, ಹಿಂದೆ ಅವಳ ಅತ್ತೆ ಅಮ್ಮಯಮ್ಮ.

"ಅನೀಸಣ್ಣ, ಈ ಕಂಪ್ಯೂಟರ್ ನಮ್ಮತ್ತೆ ತಲೆ ಬೋಳಿಸ್ಬಿಡ್ತಾ ಇದೆ," ಎಂದಳು ಪ್ರಮೋದಾ. ಕಣ್ಣಲ್ಲಿ ನೀರಿತ್ತು.

ವಿಷಯ ಇಷ್ಟು. ಪ್ರಮೋದಾ ಮತ್ತು ಅವಳ ಮಹಿಳಾ ಸಂಘದ ಐವರು ಸೇರಿ ಗರುಗದ ಸೊಪ್ಪು ಹಾಕಿ ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತಾರೆ. ಬೆಂಗಳೂರಿನಲ್ಲಿ ಇಪ್ಪತ್ತು ಅಂಗಡಿ ಇರುವ ಒಂದು ಕಂಪನಿಯವರು ಹಳ್ಳಿಯ ಸಂಘಗಳ ಸರಕನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ಆರಿಸುತ್ತಾರಂತೆ. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಇವರ ಸರದಿ. ಯಾರ ಮನೆ ದೊಡ್ಡದು ಯಾರ ಮನೆ ಚಿಕ್ಕದು ಎಂದು ಕಾಣದಿರಲಿ, ಎಲ್ಲರೂ ಒಂದೇ ಥರ ಕಾಣಲಿ ಎಂದು ಕಂಪನಿಯವರೇ ಒಂದು ಹೂವಿನ ಚಿತ್ರ ಕಳಿಸಿದ್ದರು. ಎಲ್ಲರೂ ಬೆನ್ನ ಹಿಂದೆ ಅದನ್ನೇ ವರ್ಚುವಲ್ ಬ್ಯಾಕ್‌ಗ್ರೌಂಡ್ ಆಗಿ ಹಾಕಿಕೊಳ್ಳಬೇಕು. ಬೇರೆ ಏನೂ ಕಾಣಬಾರದು.

ಎಣ್ಣೆಗೆ ಸಾಕ್ಷಿ ಅಮ್ಮಯಮ್ಮನವರ ಕೂದಲು. ಎಪ್ಪತ್ತೊಂದು ವರ್ಷ, ಅರ್ಧ ಬಿಳಿ ಅರ್ಧ ಕಪ್ಪು, ಬಣ್ಣ ಹಾಕಿದ್ದಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬಿಚ್ಚಿದರೆ ಮಂಡಿ ಮುಟ್ಟುತ್ತದೆ. ಸೋಮವಾರ ಒಂದು ಟ್ರಯಲ್ ಕಾಲ್ ಆಗಿತ್ತು. ಅಮ್ಮಯಮ್ಮ ಕೂದಲು ಬಿಚ್ಚಿ ಕೂತರೆ ಆ ಕಡೆಯ ಹುಡುಗಿ, "ಮೇಡಂ, ಅಜ್ಜಿಗೆ ಕೂದಲೇ ಕಾಣ್ತಿಲ್ವಲ್ಲ?" ಅಂದಳಂತೆ.

"ಇದು ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ನಾವು ಆರು ಜನಾನೂ ಗಾರ್ಮೆಂಟ್ಸಿಗೆ ಹೋಗ್ಬೇಕಣ್ಣ," ಎಂದಳು ಪ್ರಮೋದಾ. "ಸೂಪರ್‌ವೈಸರ್ ಗೋವಿಂದರಾಜು ಅವರಿಗೆ ಹೆಸರು ಕೊಟ್ಟಾಗಿದೆ. ಎಣ್ಣೆ ಬಾಣಲೆ ಎತ್ತಿಟ್ಬಿಡೋದೇ."

ಬೆಳಗ್ಗೆ ಆರೂವರೆಗೆ ಗಾರ್ಮೆಂಟ್ಸಿನ ವ್ಯಾನ್ ಹತ್ತುವ ಹೆಂಗಸರನ್ನು ನಾನು ದಿನಾ ನೋಡುತ್ತೇನೆ. ಪ್ರಮೋದಾಗೆ ಅದು ಬೇಡವಾಗಿತ್ತು. ನನಗೂ ಅವಳಿಗೆ ಅದು ಬೇಡ ಅನಿಸಿತು. ಬಿಗುಮಾನ ಬಿಟ್ಟು ಒಳಗೆ ಕರೆದೆ.

ಮೊದಲು ಪರದೆ ಗಿರದೆ ಏನೂ ಇಲ್ಲದೆ ನೋಡೋಣ ಎಂದು ಅಮ್ಮಯಮ್ಮನವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಲ್ಯಾಪ್‌ಟಾಪ್ ತೆರೆದು ಕಂಪನಿಯ ಚಿತ್ರ ಹಾಕಿದರೆ ತಲೆಯ ಸುತ್ತ ಅಂಚು ಕುದಿಯುತ್ತಿತ್ತು. ಒಮ್ಮೆ ಕಿವಿ ಇದೆ, ಒಮ್ಮೆ ಇಲ್ಲ. ಕೂದಲಂತೂ ಭುಜದ ಹತ್ತಿರವೇ ಕಟಾವು.

"ಸೋಮವಾರ ಎಲ್ಲಿ ಕೂತಿದ್ರಮ್ಮ?" ಎಂದು ಕೇಳಿದೆ.

"ನಡುಮನೇಲಿ, ಕಿಟಕಿಗೆ ಬೆನ್ನಾಕಿ. ಗಾಳಿ ಬತ್ತದಲ್ಲ," ಎಂದರು ಅಮ್ಮಯಮ್ಮ.

ಅದೇ ಮೊದಲ ತಪ್ಪು. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕತ್ತಲು, ದೀಪ ಹಾಕದ ನನ್ನ ಸ್ಟುಡಿಯೋದಲ್ಲೂ ಅಷ್ಟೇ. ಕತ್ತಲಲ್ಲಿ ಚಿತ್ರ ನುಣುಪಾಗಿರುವುದಿಲ್ಲ, ಮರಳು ಮರಳಾಗಿರುತ್ತದೆ. ಮನುಷ್ಯ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂದು ಕಂಪ್ಯೂಟರ್ ಕ್ಷಣಕ್ಷಣವೂ ಅಂದಾಜು ಮಾಡಬೇಕು. ಮರಳಿನಲ್ಲಿ ಅದರ ಅಂದಾಜು ತಪ್ಪುತ್ತದೆ, ಒಂದೊಂದು ಕ್ಷಣಕ್ಕೆ ಒಂದೊಂದು ಥರ ತಪ್ಪುತ್ತದೆ. ಅಂಚು ಕುದಿಯುವುದು ಅದಕ್ಕೇ. ಮುಖದ ಎರಡೂ ಪಕ್ಕ ಒಂದೊಂದು ದೀಪ ಇಟ್ಟೆ, ಬೆಳಕು ಮೆತ್ತಗಾಗಲಿ ಎಂದು ಅದರ ಮುಂದೆ ಬಿಳಿ ಪಂಚೆ ಇಳಿಬಿಟ್ಟೆ. ಕಿವಿ ಎರಡೂ ವಾಪಸ್ ಬಂದು ಗಟ್ಟಿಯಾಗಿ ನಿಂತವು. ಕೂದಲು ಮಾತ್ರ ಬರಲಿಲ್ಲ.

ತಿಳಿ ಬಣ್ಣದ ಗೋಡೆಯ ಮುಂದೆ ಕೂರಿಸಿದೆ. ಕಪ್ಪು ಕೂದಲು ಅಷ್ಟಿಷ್ಟು ಉಳಿಯಿತು, ಬಿಳಿಯದು ಗೋಡೆಯೊಳಗೆ ಸೇರಿಹೋಯಿತು. ಕಪ್ಪು ಬಟ್ಟೆಯ ಮುಂದೆ ಕೂರಿಸಿದೆ. ಬಿಳಿ ಬಂತು, ಕಪ್ಪು ಹೋಯಿತು.

"ಸಾಬ್ರೇ, ನನ್ ಕೂದ್ಲು ಮಗ್ಗುಲು ಬದಲಾಯಿಸ್ದಂಗೆ ಆಯ್ತಲ್ಲ," ಎಂದು ಅಮ್ಮಯಮ್ಮ ನಕ್ಕರು. ನನಗೆ ನಗು ಬರಲಿಲ್ಲ.

"ಗ್ರೀನ್ ಸ್ಕ್ರೀನೇ ಗತಿ," ಎಂದೆ. ಹಾಗೆ ಹೇಳುವಾಗ ಎದೆ ಸ್ವಲ್ಪ ಉಬ್ಬಿತು ಎಂದು ಒಪ್ಪಿಕೊಳ್ಳುತ್ತೇನೆ. ಒಂದೇ ಬಣ್ಣದ ಪರದೆ ಇದ್ದರೆ ಕಂಪ್ಯೂಟರ್ ಅಂದಾಜು ಮಾಡಬೇಕಾಗಿಲ್ಲ. ಈ ಬಣ್ಣ ಎಲ್ಲಿದೆಯೋ ಅಲ್ಲೆಲ್ಲ ಚಿತ್ರ ತುಂಬು ಎಂದರೆ ಸಾಕು. ಎಳೆ ಕೂದಲಿನ ಸಂದಿಯಲ್ಲೂ ತುಂಬುತ್ತದೆ. ಮನುಷ್ಯರ ಚರ್ಮದಲ್ಲಿ, ಕೂದಲಲ್ಲಿ ಹಸಿರು ಇಲ್ಲವಲ್ಲ, ಅದಕ್ಕೇ ಹಸಿರು.

ಅಟ್ಟದಿಂದ ನನ್ನ ಸ್ವಿಟ್ಜರ್ಲೆಂಡ್ ಕಾಲದ ಹಸಿರು ಬಟ್ಟೆ ಇಳಿಸಿದೆ. ನನ್ನ ಹೆಂಡತಿ ನೂರ್ಜಹಾನ್ ಅದನ್ನು ಇಸ್ತ್ರಿ ಮಾಡಿಕೊಟ್ಟಳು. ಸುಕ್ಕಿದ್ದರೆ ಸುಕ್ಕಿನ ನೆರಳು ಬೇರೆ ಹಸಿರಾಗಿ ಕಾಣುತ್ತದೆ, ಅಲ್ಲಿ ಪರದೆ ಕಲೆಕಲೆಯಾಗಿ ಉಳಿದುಬಿಡುತ್ತದೆ. ಬಿಗಿಯಾಗಿ ಕಟ್ಟಿ, ಅದಕ್ಕೇ ಬೇರೆ ಎರಡು ದೀಪ ಬಿಟ್ಟು, ಬುಧವಾರ ಎಲ್ಲರನ್ನೂ ಕರೆಸಿದೆ. ಅಮ್ಮಯಮ್ಮನವರ ಗಂಡ ವೆಂಕಟರಾಯಪ್ಪನವರೂ ತಮಾಷೆ ನೋಡಲು ಬಂದರು.

ವಿಡಿಯೋ ಕಾಲ್‌ನ ಆ್ಯಪ್‌ನಲ್ಲಿ ಗ್ರೀನ್ ಸ್ಕ್ರೀನ್ ಇದೆ ಎಂದು ಒತ್ತಿದೆ. ಕೂದಲು ಬಂತು! ಎಳೆ ಎಳೆಯಾಗಿ, ಮಂಡಿಯವರೆಗೆ.

"ನೋಡ್ರಪ್ಪ," ಎಂದು ನಾನು ತಿರುಗುವಷ್ಟರಲ್ಲಿ ವೆಂಕಟರಾಯಪ್ಪ ಎದ್ದು ನಿಂತರು.

"ಲೇ, ನಿನ್ ಕೈ ಎಲ್ಲೋಯ್ತೇ?"

ಅಮ್ಮಯಮ್ಮನವರ ಎರಡೂ ಕೈಯಲ್ಲಿ ಡಜನ್ನುಗಟ್ಟಲೆ ಹಸಿರು ಗಾಜಿನ ಬಳೆ. ಲ್ಯಾಪ್‌ಟಾಪಿನಲ್ಲಿ ಮುಂಗೈ ಬೇರೆ, ಅಂಗೈ ಬೇರೆ, ನಡುವೆ ಕಂಪನಿಯವರ ಹೂವಿನ ಚಿತ್ರ. ಅಂಗೈ ಗಾಳಿಯಲ್ಲಿ ತೇಲುತ್ತ ಎಣ್ಣೆ ಬಾಟಲಿಯನ್ನು ಎತ್ತಿ ತೋರಿಸಿತು. ಬಾಟಲಿ ಖಾಲಿ. ಗರುಗದ ಸೊಪ್ಪಿನ ಎಣ್ಣೆ ಹಸಿರಲ್ಲದೆ ಇನ್ನೇನು? ಒಳಗೂ ಅದೇ ಹೂವು ಕಾಣುತ್ತಿತ್ತು.

"ಬಳೆ ಸ್ವಲ್ಪ ಹೊತ್ತು ಬಿಚ್ಚಿಡ್ತೀರಾ ಅಮ್ಮ?" ಎಂದುಬಿಟ್ಟೆ. ಅನ್ನಬಾರದಿತ್ತು.

"ಗಂಡ ಅನ್ನೋನು ಕಣ್ಮುಂದೆ ಗುಂಡುಕಲ್ಲಂಗೆ ನಿಂತವ್ನೆ, ಬಳೆ ಬಿಚ್ಚು ಅಂತೀಯಾ?" ಎಂದು ಅಮ್ಮಯಮ್ಮ ಗದರಿದರು. ವೆಂಕಟರಾಯಪ್ಪನವರು ಗುಂಡುಕಲ್ಲು ಎನಿಸಿಕೊಂಡಿದ್ದಕ್ಕೆ ಸಂತೋಷಪಟ್ಟಂತೆ ಕಂಡಿತು.

ಬಾಗಿಲಲ್ಲಿ ನಿಂತಿದ್ದ ನೂರ್ಜಹಾನ್ ಸುಮ್ಮನಿರುವವಳಲ್ಲ. "ಹಸಿರು ನುಂಗೋ ಪರದೆ ಮುಂದೆ ಹಸಿರು ಎಣ್ಣೆ ಮಾರೋಕೆ ಕೂರಿಸಿದ್ರಲ್ಲ ಜೀ. ಇಪ್ಪತ್ತೆಂಟು ವರ್ಷ ಇಲ್ಲಿ ಕೂತು ಏನ್ ಮಾಡಿದ್ರಿ?"

ಅವಮಾನವಾಯಿತು. ಆದರೆ ಉಪಾಯ ಗೊತ್ತಿತ್ತು, ಹಸಿರಾಗದಿದ್ದರೆ ನೀಲಿ. ಆ್ಯಪ್‌ನಲ್ಲಿ ಪರದೆಯ ಬಣ್ಣವನ್ನು ನಾವೇ ಮುಟ್ಟಿ ತೋರಿಸಬಹುದು. ಸಂಘದ ಸೀರೆ ಕುಂಕುಮದ ಬಣ್ಣ, ಅಡ್ಡಿಯಿಲ್ಲ. ಈ ಊರಲ್ಲಿ ಬಟ್ಟೆಗೇನು ಬರ, ಬೀದಿಗೊಂದು ಪವರ್‌ಲೂಮ್. ಪಕ್ಕದ ಮಗ್ಗದವರಿಂದ ಹೊಳೆಹೊಳೆಯುವ ನೀಲಿ ಆರ್ಟ್ ಸಿಲ್ಕ್ ತಂದು ಗರ್ವದಿಂದ ತೂಗುಹಾಕಿದೆ. ದೀಪ ಹಾಕಿದರೆ ಬಟ್ಟೆಯ ಮಧ್ಯೆ ಬೆಳ್ಳನೆಯ ಪಟ್ಟೆಗಳು ಹೊಳೆದವು. ಪಟ್ಟೆ ಇದ್ದ ಕಡೆ ಬಟ್ಟೆ ನೀಲಿಯೇ ಅಲ್ಲ ಎಂದುಕೊಂಡು ಕಂಪ್ಯೂಟರ್ ಅಲ್ಲಿ ಚಿತ್ರ ತುಂಬಲಿಲ್ಲ. ಅಮ್ಮಯಮ್ಮನವರ ತಲೆಯ ಹಿಂದೆ ಹೂವು ಹರಿದುಹೋದಂತೆ ಕಂಡಿತು.

ನೂರ್ಜಹಾನ್ ಏನೂ ಮಾತಾಡದೆ ಒಳಗೆ ಹೋಗಿ, ಬಾಗಿಲಿಗೆ ಪರದೆ ಹೊಲಿಯಲು ತಂದಿಟ್ಟಿದ್ದ ಮಂಕು ನೀಲಿ ಕಾಟನ್ ಬಟ್ಟೆ ತಂದು ನನ್ನ ಕೈಗೆ ಕೊಟ್ಟಳು. ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು.

ಗುರುವಾರ ಇಡೀ ದಿನ ಅದಕ್ಕೇ ಹೋಯಿತು. ನೀಲಿಗೆ ಹಸಿರಿಗಿಂತ ಜಾಸ್ತಿ ಬೆಳಕು ಬೇಕು, ಬಟ್ಟೆಯ ಎರಡೂ ಕಡೆಯಿಂದ ಸಮನಾಗಿ ಬೀಳಬೇಕು. ಅಮ್ಮಯಮ್ಮನವರನ್ನು ಬಟ್ಟೆಯಿಂದ ಆರಡಿ ಮುಂದೆ ಕೂರಿಸಿದೆ. ಹತ್ತಿರ ಕೂತರೆ ನೆರಳು ಬಟ್ಟೆಗೆ ಬೀಳುತ್ತದೆ, ಬಟ್ಟೆಯ ನೀಲಿ ಎಣ್ಣೆಗೂದಲ ಮೇಲೆ ಪ್ರತಿಫಲಿಸಿ ಅಂಚನ್ನು ತಿನ್ನುತ್ತದೆ. ಹಿಂದಿನಿಂದ, ಮೇಲಿನಿಂದ ಒಂದು ಸಣ್ಣ ದೀಪ ತಲೆಗೆ ಬಿಟ್ಟೆ. ಕೂದಲಿನ ಅಂಚಿಗೆ ತೆಳುವಾದ ಬೆಳಕಿನ ಗೆರೆ ಬಂದು ತಲೆ ಪರದೆಯಿಂದ ಬೇರೆಯಾಗಿ ಎದ್ದು ನಿಂತಿತು. ಲ್ಯಾಪ್‌ಟಾಪಿನ ಕ್ಯಾಮೆರಾ ಬೇಡವೆಂದು ಮದುವೆಗಳಿಗೆ ಒಯ್ಯುವ ನನ್ನ ಕ್ಯಾಮೆರಾವನ್ನೇ, ಅದರ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಸಣ್ಣ ಪೆಟ್ಟಿಗೆಯ ಮೂಲಕ ಜೋಡಿಸಿದೆ. ಬೆಳಕು, ಬಣ್ಣ ಎರಡನ್ನೂ ತಾನೇ ಬದಲಾಯಿಸಿಕೊಳ್ಳದಂತೆ ಕ್ಯಾಮೆರಾಕ್ಕೆ ಬೀಗ ಹಾಕಿದೆ. ಇಲ್ಲದಿದ್ದರೆ ಯಾರಾದರೂ ಕೈ ಆಡಿಸಿದರೂ ಪರದೆಯ ನೀಲಿ ಬದಲಾಗಿ ಎಲ್ಲ ಕೆಡುತ್ತದೆ. ಸಂಜೆಯ ಹೊತ್ತಿಗೆ ಕೈ ಇತ್ತು, ಬಳೆ ಇತ್ತು, ಎಣ್ಣೆ ಇತ್ತು, ಎಣ್ಣೆ ಸವರಿ ಬಾಚಿದ ಕೂದಲು ಬಿದ್ದ ಕಡೆಯೇ ಬಿದ್ದಿತ್ತು. ಪ್ರಮೋದಾ ಮೊದಲ ಸಲ ನಕ್ಕಳು.

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಅತ್ತೆ ಸೊಸೆ ಆಟೋದಿಂದ ಇಳಿದರು. ಅಮ್ಮಯಮ್ಮನವರ ಕೂದಲು ನೋಡಿ, ಗುರುವಾರದ ಕೆಲಸವೆಲ್ಲ ಹಾಳು ಎಂದುಕೊಂಡೆ. ಮಂಗಳವಾರ, ಶುಕ್ರವಾರ ತಲೆಗೆ ನೀರು ಹಾಕಿಕೊಳ್ಳುವುದು ಅವರ ಐವತ್ತು ವರ್ಷದ ಪದ್ಧತಿ. ಸೀಗೇಕಾಯಿ ಹಾಕಿ ತಿಕ್ಕಿ, ಆಟೋ ಗಾಳಿಯಲ್ಲಿ ಒಣಗಿಸಿಕೊಂಡು ಬಂದಿದ್ದರು. ಒಂದೊಂದು ಎಳೆಯೂ ಒಂದೊಂದು ದಿಕ್ಕಿಗೆ ಹಾರುತ್ತಿತ್ತು.

"ಅಮ್ಮಾ, ಸ್ವಲ್ಪ ಎಣ್ಣೆ ಸವರಿ," ಎಂದೆ.

"ತಲೆಗೆ ನೀರಾಕ್ಕಂಡ ದಿನ ಎಣ್ಣೆ ಮುಟ್ಟಕಿಲ್ಲ ಸಾಬ್ರೇ."

"ಎಣ್ಣೆ ಮಾರೋಕೆ ಬಂದಿರೋದಲ್ಲವಾ ಅಮ್ಮ?"

"ಮಾರೋದು ಬ್ಯಾರೆ, ಪದ್ಧತಿ ಬ್ಯಾರೆ."

ಪ್ರಮೋದಾ ನನ್ನ ಮುಖ ನೋಡಿದಳು. ನಾನು ಮೊದಲು ಫ್ಯಾನ್ ಆರಿಸಿದೆ. ಬಾಗಿಲು ಹಾಕಿದೆ. ತಲೆಯ ಹಿಂದಿನ ದೀಪ ಹಾರುವ ಎಳೆಗಳನ್ನು ತೀರಾ ಬೆಳ್ಳಗೆ ಮಾಡುತ್ತಿತ್ತು, ಅದನ್ನು ಅರ್ಧಕ್ಕೆ ಇಳಿಸಿದೆ. ಸ್ಟೂಲನ್ನು ಇನ್ನೊಂದು ಅಡಿ ಮುಂದಕ್ಕೆ ಎಳೆದೆ. ಪರದೆಯ ಬಣ್ಣವನ್ನು ತಲೆಗೆ ಹತ್ತಿರದ ಜಾಗದಲ್ಲೇ ಹೊಸದಾಗಿ ಮುಟ್ಟಿ ಆರಿಸಿದೆ. ಆಮೇಲೆ ಲ್ಯಾಪ್‌ಟಾಪ್ ನೋಡಿದೆ.

ಇಂಥದ್ದನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಹಾರುವ ಎಳೆಗಳು ಒಂದೂ ಬಿಡದೆ ಹೂವಿನ ಚಿತ್ರದ ಮುಂದೆ ನಿಂತಿದ್ದವು, ಬಿಳಿಯದು ಬೆಳ್ಳಗೆ, ಕಪ್ಪನೆಯದು ಕಪ್ಪಗೆ. ಅಂಚು ಕದಲಲಿಲ್ಲ. ನೂರ್ಜಹಾನ್ ಇಣುಕಿ ನೋಡಿ, "ಇದು ಸರಿ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಹನ್ನೊಂದಕ್ಕೆ ಕಾಲ್ ಬಂತು. ಕಂಪನಿಯ ಕಡೆಯಿಂದ ಅಕ್ಷತ ಎನ್ನುವ ಮೇಡಂ, ಅವರ ಜೊತೆ ಇನ್ನಿಬ್ಬರು. ಪ್ರಮೋದಾ ಬಾಟಲಿ ಹಿಡಿದು, ಸೊಪ್ಪು ಎಲ್ಲಿಂದ, ಎಷ್ಟು ಹೊತ್ತು ಕಾಯಿಸುವುದು ಎಲ್ಲವನ್ನೂ ತಡವರಿಸದೆ ಹೇಳಿದಳು. ಅಮ್ಮಯಮ್ಮ ತಲೆ ತಿರುಗಿಸಿ ಬೆನ್ನು ತೋರಿಸಿದರು. ಅಕ್ಷತ ಮೇಡಂ ಮುಖ ಚಿಕ್ಕದು ಮಾಡಿಕೊಂಡರು.

"ಪ್ರಮೋದಾ ಅವರೇ, ಬೇಜಾರು ಮಾಡ್ಕೋಬೇಡಿ. ಬೆಳಗ್ಗಿಂದ ಒಂಬತ್ತು ಸಂಘ ನೋಡಿದ್ವಿ, ಯಾರ ತಲೆ ಅಂಚೂ ಸರಿಯಾಗಿ ಕಾಣಲಿಲ್ಲ. ನಿಮ್ಮದು ಮಾತ್ರ ಇಷ್ಟು ನೀಟಾಗಿದೆ. ಕೂದಲಿಗೆ ಫಿಲ್ಟರ್ ಏನಾದ್ರೂ ಹಾಕಿದ್ದೀರಾ? ಸೋಮವಾರ ಅಜ್ಜಿಗೆ ಕೂದಲೇ ಇರಲಿಲ್ಲ ಅಂತ ನಮ್ಮ ಹುಡುಗಿ ಬರೆದಿದ್ದಾಳೆ."

ಮೂರು ದಿನ ಹೆಣಗಿ ಚೆನ್ನಾಗಿ ಮಾಡಿದ್ದೇ ತಪ್ಪಾಯಿತು. ಕ್ಯಾಮೆರಾ ಹಿಂದಿನಿಂದ ನಾನು, "ಮೇಡಂ, ಫಿಲ್ಟರ್ ಅಲ್ಲ, ಕ್ರೋಮಾ," ಎಂದು ಕೂಗಿದೆ. ಬಣ್ಣದ ಪರದೆಯ ವಿದ್ಯೆಗೆ ನಮ್ಮ ಕಸುಬಿನಲ್ಲಿರುವ ಆ ಹೆಸರು ಕೇಳಿ ಅವರಿಗೆ ಇನ್ನಷ್ಟು ಅನುಮಾನ ಬಂದಂತೆ ಕಂಡಿತು.

"ನನ್ ಕೂದ್ಲು ಸುಳ್ಳು ಅಂತಾಳಾ ಇವ್ಳು?" ಎಂದು ಅಮ್ಮಯಮ್ಮ ಎದ್ದು ನಿಂತರು. ಮುಖ ಕೆಂಪಾಗಿತ್ತು. "ಏ ಇವ್ರೇ, ಎಲ್ಲಿದ್ದೀರಿ? ಬನ್ನಿ ಇಲ್ಲಿ, ಎಳೀರಿ ಇದನ್ನ!"

ವೆಂಕಟರಾಯಪ್ಪನವರು ಘಾಟಿ ಬಸ್ಸಿಗೆ ಬಂದು ಆಗತಾನೆ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಿದ್ದರು. ಹೆಂಡತಿ ಕರೆದರೆ ಕಾರಣ ಕೇಳುವ ಪೈಕಿ ಅಲ್ಲ. ನೇರವಾಗಿ ಹೋಗಿ ಕ್ಯಾಮೆರಾ ಮುಂದೆ ನಿಂತರು. ಒಳ್ಳೆಯ ಕಾರ್ಯಕ್ಕೆಂದು ಅವರು ಅವತ್ತು ಹೊಸ ಶರ್ಟ್ ಹಾಕಿದ್ದರು. ಮಂಕು ನೀಲಿ ಶರ್ಟ್.

ಲ್ಯಾಪ್‌ಟಾಪಿನಲ್ಲಿ ಒಂದು ಮುದಿ ತಲೆ ಗಾಳಿಯಲ್ಲಿ ತೇಲಿಬಂತು. ಕೆಳಗೆ ದೇಹವಿಲ್ಲ, ಹೂವು. ಪಕ್ಕದಲ್ಲಿ ಎರಡು ಕೈ, ಬುಡವಿಲ್ಲದೆ. ಆ ಎರಡು ಕೈ ಅಮ್ಮಯಮ್ಮನವರ ಕೂದಲನ್ನು ಹಿಡಿಯಾಗಿ ಹಿಡಿದು ಬಲವಾಗಿ ಎಳೆದವು.

"ಅಯ್ಯೋ, ನಿನ್ ಮನೆ ಹಾಳಾಗ! ಎಳಿ ಅಂದ್ರೆ ಕಿತ್ತೇಬಿಡದಾ?" ಎಂದು ಅಮ್ಮಯಮ್ಮ ಕಿರುಚಿ, ದೇಹವಿಲ್ಲದ ಎದೆಗೆ ಒಂದು ಗುದ್ದು ಕೊಟ್ಟರು.

"ನೀನೇ ಎಳಿ ಅಂದೆಯಲ್ಲೇ," ಎಂದಿತು ತಲೆ.

ಆ ಕಡೆ ಮೂವರೂ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ನಕ್ಕರು. ಅಕ್ಷತ ಮೇಡಂ ಕಣ್ಣೊರೆಸಿಕೊಂಡರು.

"ಸಾಕು, ಸಾಕು. ಕೂದಲಿನ ಫಿಲ್ಟರ್ ಆಗಿದ್ರೆ ತಾತನ ಶರ್ಟ್ ಯಾಕೆ ಮಾಯ ಆಗ್ತಿತ್ತು? ನೀಲಿ ಪರದೆ ಹಾಕಿದ್ದೀರಾ ಅಲ್ವಾ?"

"ಹೌದು ಮೇಡಂ," ಎಂದೆ. "ನೀಲಿ ಬಣ್ಣ ಮಾತ್ರ ಅಳಿಸುತ್ತೆ. ಬೇರೆ ಏನನ್ನೂ ಸೇರಿಸಲ್ಲ."

"ಅಜ್ಜಿ, ಕ್ಷಮಿಸಿ," ಎಂದರು ಅಕ್ಷತ ಮೇಡಂ. "ಆ ಕೂದಲು ಎಳೆದಾಗ ನನ್ನ ತಲೆಯೇ ನೋವಾಯ್ತು. ಪ್ರಮೋದಾ ಅವರೇ, ಪರೀಕ್ಷೆಗೆ ಅಂತ ನೀವು ಮೊದಲೇ ಕಳಿಸಿದ್ದ ಬಾಟಲಿ ಲ್ಯಾಬಿನಲ್ಲಿ ಪಾಸಾಗಿದೆ. ಇಪ್ಪತ್ತು ಅಂಗಡಿಗೂ ನಿಮ್ಮ ಎಣ್ಣೆ ಬೇಕು. ಮುಂದಿನ ತಿಂಗಳಿಂದ ಕೊಡೋಕೆ ಆಗುತ್ತಾ?"

ಪ್ರಮೋದಾ ತಲೆಯಾಡಿಸಿದಳು. ಬಾಯಲ್ಲಿ ಹೇಳು ಎಂದು ಅಮ್ಮಯಮ್ಮ ತಿವಿದ ಮೇಲೆ, "ಆಗುತ್ತೆ ಮೇಡಂ," ಎಂದಳು.

ಕಾಲ್ ಮುಗಿಯಿತು. ನಾನು ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದೆ. ನೂರ್ಜಹಾನ್ ಎಲ್ಲರಿಗೂ ಚಹಾ ತಂದಳು. ವೆಂಕಟರಾಯಪ್ಪನವರು ತಮ್ಮ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಪ್ರಮೋದಾ ಮಾತ್ರ ಚಹಾ ಮುಟ್ಟದೆ ಫೋನ್ ಹಿಡಿದು ಬಾಗಿಲ ಹತ್ತಿರ ಹೋಗಿ ನಿಂತಳು. ಸ್ಪೀಕರ್ ಹಾಕಿದ್ದಳೋ, ಗಾಬರಿಯಲ್ಲಿ ತಾನೇ ಒತ್ತಿಹೋಯಿತೋ, ಎರಡೂ ಕಡೆಯ ಮಾತು ನಮಗೆ ಕೇಳುತ್ತಿತ್ತು.

"ಗೋವಿಂದರಾಜು ಸರ್, ನಾನು ಪ್ರಮೋದಾ. ಸೋಮವಾರ ನಾವು ಬರಲ್ಲ ಸರ್. ಆರು ಜನಾನೂ ಬರಲ್ಲ."

"ಯಾಕಮ್ಮ, ಬೇರೆ ಕಡೆ ಕೆಲಸ ಸಿಕ್ತಾ?"

"ಹೂಂ ಸರ್."

"ಯಾವ ಕಂಪನಿ?"

ಅವಳು ನಮ್ಮ ಕಡೆ ತಿರುಗಿದಳು. ಅಮ್ಮಯಮ್ಮ ಕೂದಲನ್ನು ಸುತ್ತಿ ತುರುಬು ಕಟ್ಟುತ್ತಿದ್ದರು.

"ನಮ್ದೇ ಸರ್," ಎಂದಳು ಪ್ರಮೋದಾ.

ಬಸ್ಸಿನ ಹಾರನ್ನಿಗೆ ಅವರಿಗೆ ಕೇಳಿಸಲಿಲ್ಲವೇನೋ, "ಏನು?" ಎಂದರು. ಅವಳು ಇನ್ನೊಂದು ಸಲ ಹೇಳಿದಳು, ಈ ಸಲ ಸ್ವಲ್ಪ ಜೋರಾಗಿ.